ಎರಡನೇ ಸಾಲಿನ ಮ್ಯಾನೇಜರ್

ತನ್ನ ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ವರ್ಷದಿಂದ ಒಂದೇ ಒಂದು ತಪ್ಪಿಲ್ಲ ಎಂದು ಹಾಜರಿಯಣ್ಣ ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳುವುದೆಂದರೆ ವರ್ಷಕ್ಕೊಮ್ಮೆ ಇಂಥ ದಿನ ಎಂದಲ್ಲ. ಟೀ ಕುಡಿಯುವಾಗ ಹೇಳುತ್ತಿದ್ದ, ಮದುವೆ ಮನೆಯ ಪಂಕ್ತಿಯಲ್ಲಿ ಹೇಳುತ್ತಿದ್ದ, ಹಲ್ಲು ಕೀಳಿಸಿಕೊಳ್ಳಲು ಹೋದಾಗ ಬಾಯಲ್ಲಿ ಹತ್ತಿ ತುಂಬಿದ್ದರೂ ಕೈಸನ್ನೆ ಮಾಡಿ ಹೇಳಿದ್ದನಂತೆ. ಅವನ ಪುಸ್ತಕದಲ್ಲಿ ಒಬ್ಬನಿಗೆ ಗೈರುಹಾಜರಿ ಎಂದು ಬಿದ್ದರೆ ಆ ಮನುಷ್ಯ ಅಂದು ಭೂಮಿಯ ಮೇಲೆಯೇ ಇರಲಿಲ್ಲ ಎಂದು ಲೆಕ್ಕ. ಎದುರಿಗೆ ನಿಂತು ಕೆಮ್ಮಿದರೂ ಹಾಜರಿಯಣ್ಣ ಅವನನ್ನು ನಂಬುತ್ತಿರಲಿಲ್ಲ, ಪುಸ್ತಕವನ್ನು ನಂಬುತ್ತಿದ್ದ.

ಅವನು ಹಾಜರಿ ಬರೆಯುತ್ತಿದ್ದದ್ದು ಒಂದು ಗಾಜಿನ ಬಾಟಲಿ ಕಾರ್ಖಾನೆಯಲ್ಲಿ. ನಡುವೆ ಒಂದು ಕುಲುಮೆ. ಹಗಲೂ ಇರುಳೂ ಉರಿಯಬೇಕು, ಆರಿಸಿದರೆ ಒಳಗಿನ ಕರಗಿದ ಗಾಜು ಕಲ್ಲಾಗಿ ಕುಲುಮೆಯೇ ಸೀಳಿಹೋಗುತ್ತದೆ. ಅದರ ಬಾಯಿ ಎದುರು ನಿಂತವನ ಹುಬ್ಬು ಮೂರು ತಿಂಗಳಿಗೊಮ್ಮೆ ಸುಟ್ಟು ಮತ್ತೆ ಹುಟ್ಟುತ್ತಿತ್ತು. ಆ ಕಡೆಯಿಂದ ಬಾಟಲಿಗಳು ತಣಿಯುತ್ತಾ ಚಲಿಸುವ ಪಟ್ಟಿಯ ಮೇಲೆ ಬಂದರೆ, ಈ ಕಡೆ ಬಿಳಿ ಬೆಳಕಿನ ಪರದೆಯ ಮುಂದೆ ಹೆಂಗಸರು ಸಾಲಾಗಿ ಕೂತು ಗುಳ್ಳೆ ಇದ್ದದ್ದು, ಬಿರುಕು ಬಿಟ್ಟದ್ದು ಎತ್ತಿ ಬುಟ್ಟಿಗೆ ಎಸೆಯುತ್ತಿದ್ದರು. ಹಾಜರಿಯಣ್ಣನ ತಂಗಿ ಅಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದಳು. ಅವಳನ್ನು ಕೆಲಸಕ್ಕೆ ಸೇರಿಸಿದವನೂ ಇವನೇ. ಅಷ್ಟು ವರ್ಷ ಆ ಬೆಳಕನ್ನು ದಿಟ್ಟಿಸಿ ಅವಳ ಕಣ್ಣಿಗೆ ಈಗ ಎದುರಿನವರ ಮುಖ ಹಾಲಿನಲ್ಲಿ ಅದ್ದಿದಂತೆ ಕಾಣುತ್ತಿತ್ತು. ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ್ದರು. ಸಂಬಳದ ಬಾಕಿ ಬರಲಿ ಎಂದು ಅವಳು ಹೇಳಿದ್ದಳು.

ಬಾಕಿಯ ಕಥೆಗೆ ಮೊದಲು ಪದವಿಯ ಕಥೆ ಹೇಳಬೇಕು.

ಏಳು ವರ್ಷದ ಹಿಂದೆ ಒಂದು ದಿನ ಧಣಿಗಳು ಹಾಜರಿಯಣ್ಣನನ್ನು ಒಳಗೆ ಕರೆದು, ಈ ವರ್ಷ ಸಂಬಳ ಏರಿಸಲು ಕೈಯಲ್ಲಿ ಏನೂ ಇಲ್ಲ, ಜನ ಗಲಾಟೆ ಮಾಡುತ್ತಾರೆ, ಏನಾದರೂ ದಾರಿ ಹೇಳು ಎಂದರು. ಬೇರೆ ಯಾರಾದರೂ ಆಗಿದ್ದರೆ ತಲೆ ಕೆರೆದುಕೊಂಡು ಬರುತ್ತಿದ್ದರು. ಹಾಜರಿಯಣ್ಣ ಅರ್ಧ ಲೋಟ ಟೀ ಮುಗಿಯುವುದರೊಳಗೆ ಹೇಳಿದ: "ಸಂಬಳ ಏರಿಸೋಕೆ ಆಗ್ದಿದ್ರೆ ಪದವಿ ಏರಿಸೋಣ ಧಣಿ. ಅದಕ್ಕೆ ಒಂದು ಹಾಳೆ ಖರ್ಚು."

ಅಂದಿನಿಂದ ಆ ಕಾರ್ಖಾನೆಯಲ್ಲಿ ಪದವಿಗಳು ಗುಳ್ಳೆಗಳಂತೆ ಎದ್ದವು. ಕುಲುಮೆಗೆ ಮರಳು ಎಸೆಯುವವನು ಕುಲುಮೆ ಸೂಪರಿಂಟೆಂಡೆಂಟ್ ಆದ. ಪೆಟ್ಟಿಗೆಗೆ ಮೊಳೆ ಹೊಡೆಯುವವನು ರವಾನೆ ಅಧಿಕಾರಿ. ಕಸ ಗುಡಿಸುವ ಮುದುಕ ನೈರ್ಮಲ್ಯ ಅಧೀಕ್ಷಕ. ತಂಗಿ ಗುಣಮಟ್ಟ ಮೇಲ್ವಿಚಾರಕಿ. ಏಳು ವರ್ಷದಲ್ಲಿ ಮೂವತ್ತೆಂಟು ಜನ. ಇನ್ನೆರಡು ವರ್ಷ ನಡೆದಿದ್ದರೆ ಗೇಟಿನ ನಾಯಿಗೂ ಭದ್ರತಾ ಸಲಹೆಗಾರ ಎಂಬ ಪತ್ರ ಸಿಗುತ್ತಿತ್ತು, ಅದಕ್ಕೆ ಓದಲು ಬರುವುದಿಲ್ಲ ಎಂಬುದೊಂದೇ ಅಡ್ಡಿ. ಪ್ರತಿ ಪತ್ರಕ್ಕೂ ಹಾಜರಿಯಣ್ಣನೇ ಒಕ್ಕಣೆ, ಅವನದೇ ಟೈಪು, ಕೆಳಗೆ ಅವನದೇ ಸಹಿ. ಯಾಕೆಂದರೆ ಧಣಿಗಳು ಮೊದಲನೇ ಪತ್ರವನ್ನು ಅವನಿಗೇ ಕೊಟ್ಟಿದ್ದರು: ಆಡಳಿತ ಮ್ಯಾನೇಜರ್.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಹಾಜರಿಯಣ್ಣನಿಗೆ ತಾನು ಕೊಟ್ಟ ಪದವಿಯ ಮೇಲೆ ತಾಯಿಗಿರುವಂಥ ಮೋಹ. ಅಧಿಕಾರಿಗಳು ಗೇಟಿನಲ್ಲಿ ಕಾರ್ಡು ಒತ್ತುವುದು ಮರ್ಯಾದೆಯಲ್ಲ ಎಂದು ಮೂವತ್ತೆಂಟು ಜನರ ಹೆಸರನ್ನೂ ಕೆಲಸಗಾರರ ಪುಸ್ತಕದಿಂದ ತೆಗೆದು, ಕೆಂಪು ಬಟ್ಟೆಯ ರಟ್ಟಿನ ಬೇರೆ ಪುಸ್ತಕಕ್ಕೆ ಹಾಕಿದ. ಅಧಿಕಾರಿಗೆ ಓವರ್‌ಟೈಮ್ ಎಂದು ಬರೆದರೆ ಚೆನ್ನಾಗಿರುವುದಿಲ್ಲ ಎಂದು ಅದನ್ನು ಗೌರವಭತ್ಯೆ ಎಂದು ಬರೆದ. ದುಡ್ಡು ಅಷ್ಟೇ, ಬೆವರು ಅಷ್ಟೇ, ಹೆಸರು ಮಾತ್ರ ಶಾಲು ಹೊದ್ದುಕೊಂಡಿತು. ಜನ ಖುಷಿಯಾಗಿದ್ದರು. ತಂಗಿ ತನ್ನ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದಳು.

ಆಮೇಲೆ ಕಂಪನಿ ಮುಳುಗಿತು. ನಿಜವಾದ ಮ್ಯಾನೇಜರುಗಳಿಗೆ ಇಂಥದ್ದರ ವಾಸನೆ ಬೇಗ ಹತ್ತುತ್ತದೆ. ಒಬ್ಬೊಬ್ಬರಾಗಿ ತಮ್ಮ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಟೇಹೋದರು. ಉಳಿದವರಿಗೆ ಹದಿನಾರು ತಿಂಗಳು ಅರ್ಧ ಸಂಬಳ. ಕೊನೆಗೊಂದು ಮಧ್ಯಾಹ್ನ ಕುಲುಮೆ ಆರಿಸಿದರು. ಒಳಗೆ ಗಾಜು ಗಟ್ಟಿಯಾಗುತ್ತಾ ಟಣ್ ಟಣ್ ಎಂದು ಬಿರಿಯುವ ಸದ್ದು ಮೂರು ದಿನ ಕೇಳಿಸಿತು. ಐದು ತಿಂಗಳ ಮೇಲೆ ಕಂಪನಿಯನ್ನು ಮಾರಿ ಸಾಲ ತೀರಿಸುವುದೆಂದು ಆದೇಶವಾಗಿ, ಅದಕ್ಕೊಬ್ಬ ಲಿಕ್ವಿಡೇಟರ್ ಬಂದರು. ಮೂವತ್ತೈದರ ಆಸುಪಾಸಿನ ಹೆಂಗಸು. ಕ್ಯಾಂಟೀನಿನ ಊಟದ ಮೇಜನ್ನೇ ಆಫೀಸು ಮಾಡಿಕೊಂಡು, ಯಾರಿಗೆ ಎಷ್ಟು ಬರಬೇಕೋ ಪುರಾವೆ ಸಮೇತ ಅರ್ಜಿ ಕೊಡಿ ಎಂದು ನೋಟೀಸು ಹಚ್ಚಿದರು. ಎಲ್ಲರ ಅರ್ಜಿಯನ್ನೂ ಹಾಜರಿಯಣ್ಣನೇ ತುಂಬಿಕೊಟ್ಟ. ಪ್ರತಿಯೊಂದರ ಜೊತೆಗೂ ಅವರವರ ಪದವಿಯ ಪತ್ರದ ನಕಲನ್ನು ಹೆಮ್ಮೆಯಿಂದ ಪಿನ್ನು ಹೊಡೆದು ಇಟ್ಟ. ಕುಣಿಕೆ ಹೊಸೆದದ್ದಲ್ಲದೆ ಅಳತೆ ನೋಡಿ ಕೊಟ್ಟ ಹಾಗಾಯಿತು.

ಬಾಕಿ ಬರಬೇಕಾದವರ ಪಟ್ಟಿ ಬಂದ ದಿನ ತಂಗಿಯನ್ನು ಕೈಹಿಡಿದು ಕ್ಯಾಂಟೀನಿನ ಬಾಗಿಲಿಗೆ ಕರೆದುಕೊಂಡು ಹೋದವನೂ ಅವನೇ.

"ಓದು ಅಣ್ಣ. ನನಗೆ ಬಿಳಿ ಹಾಳೆ ಅಷ್ಟೇ ಕಾಣ್ತಿದೆ" ಎಂದಳು.

ಮೇಲೆ ಒಂದು ಸಾಲು, ಬ್ಯಾಂಕಿನ ಹೆಸರಿನ ಪಕ್ಕದಲ್ಲೇ ಕೆಲಸಗಾರರ ಎಪ್ಪತ್ತೆರಡು ಹೆಸರು. ಅದರ ಕೆಳಗೆ ಎರಡನೇ ಸಾಲು, 'ಇತರ ಸಿಬ್ಬಂದಿ'. ಮೂವತ್ತೊಂಬತ್ತು ಹೆಸರು. ಅದರಲ್ಲಿ ತಂಗಿಯದೂ ಒಂದು, ತನ್ನದೂ ಒಂದು.

"ಇದೆ. ನಿನ್ನ ಹೆಸರು ಇದೆ."

"ಎಲ್ಲಿದೆ?"

"ಹಾಳೇಲಿ ಇದೆ ಕಣೇ."

ಹಿಂದೆ ನಿಂತಿದ್ದ ಕುಲುಮೆಯವನು, ಅಂದರೆ ಕುಲುಮೆ ಸೂಪರಿಂಟೆಂಡೆಂಟು, ಆರಡಿ ಆಳು, ಇವರ ತಲೆಯ ಮೇಲಿಂದಲೇ ಓದಿದ. "ಎರಡನೇ ಸಾಲು. ನಾವೆಲ್ಲ ಎರಡನೇ ಸಾಲು. ಹಾಜರಿಯಣ್ಣ, ಸಿನಿಮಾದಲ್ಲಿ ಹಿಂದಿನ ಸೀಟಿಗೆ ಜಾಸ್ತಿ ದುಡ್ಡು. ಇಲ್ಲೂ ಹಾಗೇನಾ?"

ಹಾಗಿರಲಿಲ್ಲ. ಲಿಕ್ವಿಡೇಟರ್ ಮೇಡಂ ಹೊರಗೆ ಬಂದು ಎಲ್ಲರಿಗೂ ಬಿಡಿಸಿ ಹೇಳಿದರು. ಕಾರ್ಖಾನೆ ಮಾರಿದ ಹಣವೆಲ್ಲ ಒಂದು ರಾಶಿ. ಅದರಲ್ಲಿ ಮಾರುವ ಕೆಲಸದ ಖರ್ಚು ಮೊದಲು ಹೋಗುತ್ತದೆ. ಆಮೇಲೆ ಕೆಲಸಗಾರರ ಎರಡು ವರ್ಷದ ಬಾಕಿಯೂ, ಅಡಮಾನವನ್ನು ಈ ರಾಶಿಗೇ ಬಿಟ್ಟುಕೊಟ್ಟ ಬ್ಯಾಂಕಿನ ಸಾಲವೂ ಸರಿಸಮ. ಇದ್ದದ್ದನ್ನು ಅವರವರ ಪಾಲಿಗೆ ತಕ್ಕಂತೆ ಹಂಚುವುದು. ಅಲ್ಲಿ ಪೂರ್ತಿ ತೀರಿ ಮಿಕ್ಕರೆ ಮಾತ್ರ ಕೆಳಗಿನ ಸಾಲಿಗೆ, ಉಳಿದ ಸಿಬ್ಬಂದಿಗೆ, ಅದೂ ಒಂದೇ ವರ್ಷದ ಬಾಕಿ. ಅದಕ್ಕೂ ಕೆಳಗೆ ಮರಳು ಕೊಟ್ಟವರು, ರಟ್ಟು ಕೊಟ್ಟವರು. ಎಲ್ಲಕ್ಕಿಂತ ಕೆಳಗೆ ಧಣಿಗಳು. ಭವಿಷ್ಯನಿಧಿಯ ಹಣ ಈ ರಾಶಿಯದಲ್ಲ, ಅದು ಬೇರೆಯೇ ಬರುತ್ತದೆ.

"ಎಷ್ಟು ಸಿಗಬಹುದು ಮೇಡಂ?" ಕುಲುಮೆಯವನು ಕೇಳಿದ.

"ಮೊದಲ ಸಾಲಿಗೆ ನೂರಕ್ಕೆ ನಲವತ್ತರ ಹತ್ತಿರ ಸಿಗಬಹುದು, ಮಾರಾಟ ಹೇಗಾಗುತ್ತೋ ನೋಡ್ಬೇಕು."

"ನಮಗೆ?"

"ಮೊದಲ ಸಾಲೇ ಪೂರ್ತಿ ತೀರಲ್ಲ ಅಂದ್ಮೇಲೆ ಎರಡನೇದಕ್ಕೆ ಏನೂ ಬರಲ್ಲ." ಅವರು ಕಡತ ತೆರೆದರು. "ನೀವೆಲ್ಲ ಮೇಲ್ವಿಚಾರಕರು, ಅಧಿಕಾರಿಗಳು ಅಂತ ಪತ್ರ ಇದೆ. ಹಾಜರಿಯೂ ಬೇರೆ ಪುಸ್ತಕದಲ್ಲಿದೆ. ನನ್ನ ಮುಂದೆ ಇರೋ ಕಾಗದ ನೋಡಿ ಹಾಕಿದೀನಿ. ತಪ್ಪು ಅನ್ನಿಸಿದ್ರೆ ಪುರಾವೆ ತನ್ನಿ, ಮತ್ತೆ ನೋಡ್ತೀನಿ. ನನ್ನ ತೀರ್ಮಾನ ಒಪ್ಪಿಗೆ ಆಗದೆ ಇದ್ರೆ ಹದಿನಾಲ್ಕು ದಿನದೊಳಗೆ ಟ್ರಿಬ್ಯೂನಲ್‌ಗೆ ಹೋಗಬಹುದು."

ಯಾರೂ ಹಾಜರಿಯಣ್ಣನ ಕಡೆ ತಿರುಗಲಿಲ್ಲ. ಅವನಿಗೆ ಅದೇ ತಡೆಯಲಾಗಲಿಲ್ಲ. ಬೈದಿದ್ದರೆ ಒಂದಕ್ಕೆ ಹತ್ತು ತಿರುಗಿಸಿ ಕೊಡುವ ನಾಲಿಗೆ ಅವನಲ್ಲಿತ್ತು, ಆದರೆ ಸುಮ್ಮನಿರುವವರಿಗೆ ಉತ್ತರ ಎಲ್ಲಿಂದ ತರುವುದು?

ತಂಗಿಯನ್ನು ಮನೆಗೆ ಬಿಟ್ಟ. ಎರಡು ಕೋಣೆಯ ಬಾಡಿಗೆ ಮನೆ. ಗೋಡೆಯ ಮೇಲೆ ಗುಣಮಟ್ಟ ಮೇಲ್ವಿಚಾರಕಿಯ ಪತ್ರ, ಗಾಜಿಗೆ ಒಂದು ಚೂರು ಧೂಳಿಲ್ಲ. ಕಣ್ಣು ಕಾಣದವಳು ಅದನ್ನು ದಿನವೂ ಒರೆಸುತ್ತಿದ್ದಳು. ಅದರ ಕೆಳಗೇ ಅವನನ್ನು ಕೂರಿಸಿ ಟೀ ಕೊಟ್ಟಳು.

"ಕಣ್ಣಿಂದು ಮುಂದೆ ಹಾಕಿದ್ರಾಯ್ತು ಬಿಡು ಅಣ್ಣ" ಎಂದಳು. "ಇಷ್ಟು ವರ್ಷ ಬರೀ ಬಿರುಕು ನೋಡಿದ್ದಾಯ್ತು. ಸ್ವಲ್ಪ ದಿನ ನೋಡ್ದೆ ಇದ್ರೆ ಏನಾಗುತ್ತೆ?"

ಅವನು ಟೀ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದ. ಅದೇ ದಿನ ಮನೆಗೆ ಬಂದು ಹೆಂಡತಿಯ ಮುಂದೆ ಕೂತು, ತನ್ನ ತಪ್ಪನ್ನು ಬೇರೆ ಯಾರದಾದರೂ ತಲೆಗೆ ಕಟ್ಟಲು ಒಂದು ಗಂಟೆ ಒದ್ದಾಡಿದ. ಧಣಿಗಳು ಕೇಳಿದ್ದಕ್ಕೆ ಹೇಳಿದೆ ಎಂದ. ಜನರಿಗೂ ಬೇಕಿತ್ತು ಎಂದ. ಕಾನೂನು ಯಾರಿಗೆ ಗೊತ್ತಿತ್ತು ಎಂದ. ಹೆಂಡತಿ ಬಟ್ಟೆ ಮಡಚುತ್ತಾ ಎಲ್ಲವನ್ನೂ ಕೇಳಿದಳು.

"ಇದನ್ನೆಲ್ಲ ನನಗೆ ಯಾಕೆ ಹೇಳ್ತಿದೀರಿ? ನಾನೇನು ಲಿಕ್ವಿಡೇಟರಾ?"

"ಅವರ ಹತ್ರ ಹೋಗಿ ಏನಂತ ಹೇಳ್ಲಿ?"

"ಸುಳ್ಳು ಬರೆದಿದ್ದೆ ಅಂತ."

"ಮೂವತ್ತೊಂದು ವರ್ಷದಲ್ಲಿ ನನ್ನ ಪುಸ್ತಕದಲ್ಲಿ..."

"ಹೂಂ, ಗೊತ್ತು. ಮದುವೆಯಾದ ರಾತ್ರಿಯಿಂದ ಕೇಳ್ತಿದೀನಿ. ಆ ಪಂಚೆ ಈ ಕಡೆ ಕೊಡಿ."

ಮಾರನೇ ದಿನ ಅವನು ತನ್ನ ಹಳೆಯ ಕೋಣೆಗೆ ಹೋಗಿ ಪುರಾವೆ ಹುಡುಕಿದ. ಆ ಮೂವತ್ತೆಂಟು ಜನ ಕೈಯಿಂದ ದುಡಿಯುವವರೇ ಎಂದು ತೋರಿಸುವ ಒಂದು ಸಾಲು, ಒಂದೇ ಒಂದು ಸಾಲು ತನ್ನ ಅಕ್ಷರದಲ್ಲಿ ಸಿಗಲಿ ಎಂದು ಕಪಾಟನ್ನೇ ತಲೆಕೆಳಗು ಮಾಡಿದ. ಇರಲಿಲ್ಲ. ಕೆಂಪು ಪುಸ್ತಕದಲ್ಲಿ ಎಲ್ಲರೂ ಅಧಿಕಾರಿಗಳು. ಭತ್ಯೆಯ ಕಡತದಲ್ಲಿ ಎಲ್ಲರಿಗೂ ಗೌರವ. ಏಳು ವರ್ಷ ಅವನು ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದನೆಂದರೆ, ಅಲ್ಲಿ ಬೆವರಿನ ಒಂದು ಹನಿಯೂ ಜಿನುಗಿರಲಿಲ್ಲ. ನಡುಮಧ್ಯಾಹ್ನದ ಹೊತ್ತಿಗೆ ಧೂಳಿನಲ್ಲಿ ಕೂತು, ಒಂದು ತಪ್ಪಾದರೂ ಮಾಡಿರಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡ.

ಏಳುವಾಗ ಒಡೆದ ಬಾಟಲಿಯ ಚೂರು ಅಂಗೈಗೆ ಚುಚ್ಚಿತು. ಹಳೆಯ ಅಭ್ಯಾಸಕ್ಕೆ ಕಾಲು ತಾನಾಗಿಯೇ ಪ್ರಥಮ ಚಿಕಿತ್ಸೆಯ ಕೋಣೆಯ ಕಡೆ ನಡೆಯಿತು. ಬಾಗಿಲು ತೆರೆದೇ ಇತ್ತು, ಔಷಧಿಯ ಬೀರು ಖಾಲಿ. ಹತ್ತಿಗಾಗಿ ಡ್ರಾಯರು ಎಳೆದ. ಒಳಗೆ ಕಾರ್ಖಾನೆಯ ನರ್ಸಮ್ಮ ಗಾಯಗಳನ್ನು ಬರೆದಿಡುತ್ತಿದ್ದ ಪುಸ್ತಕ ಇತ್ತು.

ನರ್ಸಮ್ಮ ಹಾಜರಿಯಣ್ಣನನ್ನು ಕಂಡರೆ ಆಗದವಳು. ಅವನು ಹಂಚಿದ ಪದವಿಗಳನ್ನು ಒಂದು ದಿನವೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಯಾರಿಗೆ ಎಲ್ಲಿ ಏನಾಯಿತು, ಏನು ಮಾಡುತ್ತಿದ್ದಾಗ ಆಯಿತು ಎಂಬುದಷ್ಟೇ ಅವಳ ಬರಹ. 'ಕುಲುಮೆಗೆ ಮರಳು ಹಾಕುವಾಗ ಮುಂಗೈ ಸುಟ್ಟಿದೆ.' ಕುಲುಮೆ ಸೂಪರಿಂಟೆಂಡೆಂಟು, ಏಳು ವರ್ಷದಲ್ಲಿ ಇಪ್ಪತ್ತಮೂರು ಸಲ. 'ಪೆಟ್ಟಿಗೆಗೆ ಮೊಳೆ ಹೊಡೆಯುವಾಗ ಹೆಬ್ಬೆರಳು ಜಜ್ಜಿದೆ.' ರವಾನೆ ಅಧಿಕಾರಿ. 'ಗಾಜಿನ ಚೂರು ಗುಡಿಸುವಾಗ ಪಾದಕ್ಕೆ ಗಾಯ.' ನೈರ್ಮಲ್ಯ ಅಧೀಕ್ಷಕ. 'ಬಾಟಲಿ ಆರಿಸುವಾಗ ಬೆರಳು ಕೊಯ್ದಿದೆ, ಕಣ್ಣುರಿ, ಹನಿ ಹಾಕಿದೆ.' ಇದು ತಂಗಿ. ಕಣ್ಣುರಿ, ಹನಿ ಹಾಕಿದೆ. ಕಣ್ಣುರಿ, ಹನಿ ಹಾಕಿದೆ. ಎಷ್ಟು ಪುಟ ತಿರುಗಿಸಿದರೂ ಅದೇ. ಆಡಳಿತ ಮ್ಯಾನೇಜರ್ ಹೆಸರನ್ನೂ ಹುಡುಕಿದ. ಏಳು ವರ್ಷದಲ್ಲಿ ಒಂದು ಸಲ: 'ತಲೆನೋವು.'

ಗಾಯಕ್ಕೆ ಹತ್ತಿ ಹಾಕಲು ಮರೆತೇಹೋಯಿತು. ಆ ಪುಸ್ತಕವನ್ನು ಎದೆಗವಚಿಕೊಂಡು ಕ್ಯಾಂಟೀನಿಗೆ ನಡೆದ. ದಾರಿಯಲ್ಲಿ ಕಂಡ ಕುಲುಮೆಯವನು, ಮಗು ಎತ್ತಿಕೊಂಡ ಹಾಗೆ ಏನು ಎತ್ತಿಕೊಂಡು ಹೋಗ್ತಿದೀಯ ಎಂದು ಹಿಂದೆಯೇ ಬಂದ. ಅವನ ಹಿಂದೆ ಇನ್ನೂ ಐದಾರು ಜನ.

ಮೇಡಂ ಪುಸ್ತಕವನ್ನು ಮುಕ್ಕಾಲು ಗಂಟೆ ಓದಿದರು. ಆಮೇಲೆ ಪದವಿಯ ಪತ್ರಗಳ ಕಟ್ಟನ್ನು ಮುಂದಿಟ್ಟರು.

"ಈ ಸಹಿ ನಿಮ್ಮದೇನಾ?"

"ನಂದೇ ಮೇಡಂ."

"ಇವರು ಯಾರನ್ನ ಮೇಲ್ವಿಚಾರಣೆ ಮಾಡ್ತಿದ್ರು?"

"ಯಾರನ್ನೂ ಇಲ್ಲ. ಕುಲುಮೇನ ಇವನು ನೋಡ್ಕೊಳ್ತಿದ್ದ ಅನ್ನೋದಕ್ಕಿಂತ ಕುಲುಮೆ ಇವನನ್ನ ನೋಡ್ಕೊಳ್ತಿತ್ತು. ಎಲ್ಲ ಬರೀ ಹೆಸರು ಮೇಡಂ. ಸಂಬಳ ಏರಿಸೋ ಬದಲು ಕೊಟ್ಟಿದ್ದು. ಯೋಚನೆ ನಂದೇ."

"ಬರೆದು ಪ್ರಮಾಣ ಮಾಡಿ ಕೊಡ್ತೀರಾ?"

"ಕೊಡ್ತೀನಿ."

"ಹೆಸರು ಏನಿದ್ರೂ ಮಾಡಿದ ಕೆಲಸ ಮುಖ್ಯ." ಅವರು ಬರೆದುಕೊಂಡರು. "ಗುಮಾಸ್ತರ ಕೆಲಸ ಮಾಡಿದವರೂ ಕೆಲಸಗಾರರೇ. ನೀವೂ ಹಾಜರಿ ಬರೀತಿದ್ರಿ ಅಲ್ವಾ? ನಿಮ್ಮದೂ ಬರೀ ಹೆಸರೇನಾ?"

ಹಾಜರಿಯಣ್ಣನಿಗೆ ಎದುರಿಗೇ ಬಾಗಿಲು ತೆರೆದ ಹಾಗಾಯಿತು. ಹೌದು ಎಂದರೆ ಸಾಕು, ಮೂವತ್ತೊಂಬತ್ತನೆಯವನಾಗಿ ತಾನೂ ಮೊದಲ ಸಾಲಿಗೆ. ಹಿಂದೆ ನಿಂತವರು ಒಂದು ಹೆಜ್ಜೆ ಮುಂದೆ ಬಂದರು. ಹೌದು ಎನ್ನಲಿ ಎಂದೇ ಅವರಿಗೂ ಇತ್ತು.

"ಇವರಿಗೆ ರಜಾ ಯಾರು ಕೊಡ್ತಿದ್ರು?" ಮೇಡಂ ಮತ್ತೆ ಕೇಳಿದರು.

ಬಾಗಿಲಲ್ಲಿ ತಂಗಿ ಬಂದು ನಿಂತಿದ್ದಳು. ಯಾರದೋ ಭುಜ ಹಿಡಿದುಕೊಂಡು, ಇವನಿದ್ದ ಕಡೆ ಮುಖ ಮಾಡಿ. ಕಣ್ಣುರಿ ಎಂದು ಮೂರು ದಿನ ರಜಾ ಕೇಳಿದಾಗ ಅವಳಿಗೆ ಏನು ಹೇಳಿದ್ದನೆಂಬುದು ಅವನಿಗೆ ನೆನಪಾಯಿತು. ಮೇಲ್ವಿಚಾರಕಿ ಆದವಳು ಹೀಗೆ ರಜಾ ಕೇಳಬಾರದು ಎಂದಿದ್ದ.

"ನಾನೇ ಕೊಡ್ತಿದ್ದೆ" ಎಂದ. "ಕೊಡದೇ ಇರ್ತಿದ್ದವನೂ ನಾನೇ. ಕೆಲಸಕ್ಕೆ ಆರು ಜನರನ್ನ ತಗೊಂಡಿದೀನಿ, ಒಬ್ಬನನ್ನ ತೆಗೆದಿದೀನಿ. ಧಣಿಗಳು ಕೇಳ್ತಾನೂ ಇರಲಿಲ್ಲ. ಅವರದ್ದೆಲ್ಲ ಸುಳ್ಳು ಪದವಿ ಮೇಡಂ. ನಂದೊಂದು ಮಾತ್ರ ನಿಜ."

ಮೇಡಂ ಅವನ ಪತ್ರವನ್ನು ಕಟ್ಟಿನಿಂದ ತೆಗೆದು ಬೇರೆ ಇಟ್ಟರು. ಆಮೇಲೆ ಬರೆದುಕೊಂಡರು.

ಎಂಟು ದಿನದಲ್ಲಿ ತಿದ್ದಿದ ಪಟ್ಟಿ ಬಂತು. ಹಾಜರಿಯಣ್ಣ ತಂಗಿಯ ಕೈಹಿಡಿದು ಅದೇ ಬಾಗಿಲ ಮುಂದೆ ನಿಂತು, ಮೊದಲ ಸಾಲಿನಲ್ಲಿ ಹೊಸದಾಗಿ ಸೇರಿದ ಮೂವತ್ತೆಂಟು ಹೆಸರನ್ನೂ ಹಾಜರಿ ಕರೆದಂತೆ ಕರೆದ. ಕುಲುಮೆಯವನು ಶಾಲೆಯ ಹುಡುಗನಂತೆ "ಇದೀನಿ ಸಾರ್" ಎಂದ. ನೈರ್ಮಲ್ಯ ಅಧೀಕ್ಷಕನಾಗಿದ್ದ ಮುದುಕ ತನಗೆ ಮತ್ತೆ ಬಡ್ತಿ ಬಂತೋ ಇಳಿಸಿದರೋ ಎಂದು ಪಕ್ಕದವನನ್ನು ಕೇಳುತ್ತಿದ್ದ. ತಂಗಿಯ ಹೆಸರು ಬಂದಾಗ ಅವಳು ಅವನ ಕೈ ಒತ್ತಿದಳು. ನೂರಕ್ಕೆ ನಲವತ್ತಾದರೂ ಒಂದು ಕಣ್ಣಿಗೆ ಸಾಕಾಗುತ್ತದೆ ಎಂದು ಅವಳು ಆಗಲೇ ಲೆಕ್ಕ ಹಾಕಿದ್ದಳು.

ಅಲ್ಲಿಗೆ ಓದು ನಿಂತಿತು.

"ನಿನ್ನ ಹೆಸರು ಓದಲೇ ಇಲ್ವಲ್ಲ ಅಣ್ಣ" ಎಂದಳು.

"ಕೆಳಗಿದೆ ತಗೋಮ್ಮ" ಎಂದ ಕುಲುಮೆಯವನು. "ಎರಡನೇ ಸಾಲಲ್ಲಿ. ಇಡೀ ಸಾಲಿಗೆ ಒಬ್ರೇ ಮ್ಯಾನೇಜರ್ರು. ಏನಂತೀರಿ ಸಾಹೇಬ್ರೇ, ಅಲ್ಲಿ ಒಬ್ರಿಗೇ ಬೇಜಾರಾಗಲ್ವಾ?"

ಹಾಜರಿಯಣ್ಣ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆ ಸಾಲನ್ನು ಇನ್ನೊಂದು ಸಲ ನೋಡಿದ.

"ಬೇಜಾರ್ಯಾಕೆ? ಒಬ್ಬನದೇ ಹಾಜರಿ, ಅವನು ಎಲ್ಲಿರಬೇಕೋ ಅಲ್ಲೇ ಇದಾನೆ. ಮೂವತ್ತೊಂದು ವರ್ಷದಲ್ಲಿ ತಪ್ಪಿಲ್ಲದ ಪುಸ್ತಕ ಅಂದ್ರೆ ಇದೊಂದೇ ನೋಡಯ್ಯ."